ತೆರಿಗೆ ಹಾಕಿದರೂ ಸಾಲ ಮಾಡಿದರೂ ಮನೆಯ ಖರ್ಚು ಒಂದೇನಾ? ನೀವೇ ಲೆಕ್ಕ ಹಾಕಿ ನೋಡಿ

ಬೆಂಗಳೂರಲ್ಲಿ ಹೊಸ ಮೆಟ್ರೋ ಮಾರ್ಗ, ಫ್ಲೈಓವರ್, ಸುರಂಗ ರಸ್ತೆ, ಯಾವುದರ ಮಾತು ಬಂದರೂ ಒಂದು ವಾದ ಬಂದೇ ಬರುತ್ತದೆ. "ತೆರಿಗೆ ಏರಿಸಿದರೆ ಜನ ಕೈ ಬಿಗಿ ಮಾಡ್ತಾರೆ, ಅಂಗಡಿ ವ್ಯಾಪಾರ ಬೀಳುತ್ತೆ. ಅದರ ಬದಲು ಸಾಲ ಮಾಡಿ ಕಟ್ಟಲಿ, ಜನರ ಕೈಲಿ ದುಡ್ಡು ಓಡಾಡ್ತಾ ಇರುತ್ತೆ." ಸಾಲದ ದಾರಿ ಈ ಊರಿಗೆ ಹೊಸದೇನೂ ಅಲ್ಲ. 1997ರಲ್ಲೇ ಇಲ್ಲಿನ ಮಹಾನಗರ ಪಾಲಿಕೆ ರಾಜ್ಯ ಸರ್ಕಾರದ ಖಾತರಿಯ ಮೇಲೆ 125 ಕೋಟಿ ರೂಪಾಯಿಯ ಬಾಂಡ್ ಮಾರಿತ್ತು.

ಈ ವಾದ ಸರಿ ಇಲ್ಲದಿರಬಹುದು ಅಂತ ಹೇಳುವ ಸಿದ್ಧಾಂತವೇ ರಿಕಾರ್ಡೋ ಸಮಾನತೆ. ಸರ್ಕಾರ ಇವತ್ತು ತೆರಿಗೆ ಹಾಕಿದರೂ ಸಾಲ ಮಾಡಿದರೂ ಮನೆಗಳು ಖರ್ಚು ಮಾಡುವ ಮೊತ್ತ ಒಂದೇ ಆಗಬಹುದು ಅನ್ನುತ್ತದೆ ಅದು. ಕೇಳಿದ ತಕ್ಷಣ ನಂಬಿಕೆ ಬರುವುದಿಲ್ಲ. ಹಾಗಾಗಿ ಒಂದು ಮನೆಯ ಲೆಕ್ಕವನ್ನೇ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಫೋನಿನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದರೆ ತೆರೆದಿಟ್ಟುಕೊಳ್ಳಿ. ಅಂಕಿಗಳೆಲ್ಲ ಉದಾಹರಣೆಗೆ ಅಂತ ನಾನು ಇಟ್ಟುಕೊಂಡವು. ನಿಮ್ಮ ಮನೆಯ ಅಂಕಿ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಮೊದಲು: ಸರ್ಕಾರದ ಖರ್ಚನ್ನು ಕದಲದ ಹಾಗೆ ಕಟ್ಟಿಹಾಕಿ

ಹೆಚ್ಚಿನವರು ಎಡವುವುದು ಇಲ್ಲೇ. ಈ ಸಿದ್ಧಾಂತ ಖರ್ಚಿನ ಬಗ್ಗೆ ಮಾತಾಡುವುದಿಲ್ಲ, ಆ ಖರ್ಚಿಗೆ ದುಡ್ಡು ಹೊಂದಿಸುವ ಬಗೆಯನ್ನು ಮಾತ್ರ ನೋಡುತ್ತದೆ. ಒಂದು ಯೋಜನೆ ಆಗಲೇಬೇಕು ಅಂತ ತೀರ್ಮಾನ ಆಗಿದೆ, ಅದರ ವೆಚ್ಚದಲ್ಲಿ ಪ್ರತಿ ಮನೆಯ ಪಾಲು 50,000 ರೂಪಾಯಿ ಅಂದುಕೊಳ್ಳಿ. ತೆರಿಗೆ ಹಾಕಿದರೂ ಅದೇ ಯೋಜನೆ, ಸಾಲ ಮಾಡಿದರೂ ಅದೇ ಯೋಜನೆ. ಮುಂದಿನ ವರ್ಷಗಳಲ್ಲಿ ಸರ್ಕಾರ ಬೇರೆ ಬಾಬ್ತುಗಳಿಗೆ ಮಾಡುವ ಖರ್ಚೂ ಬದಲಾಗುವುದಿಲ್ಲ.

"ಸಾಲ ಮಾಡಿದ್ರೆ ಮುಂದೆ ಆಸ್ಪತ್ರೆ, ಶಾಲೆಗೆ ಕಡಿಮೆ ಕೊಡ್ತಾರೆ" ಅಂತ ನಿಮಗೆ ಅನಿಸಿದರೆ ಅದು ಬೇರೆಯೇ ಪ್ರಶ್ನೆ. ಆಗ ನೀವು ತೆರಿಗೆಯನ್ನೂ ಸಾಲವನ್ನೂ ಹೋಲಿಸುತ್ತಿಲ್ಲ, ಹೆಚ್ಚು ಖರ್ಚು ಮಾಡುವ ಸರ್ಕಾರವನ್ನೂ ಕಡಿಮೆ ಖರ್ಚು ಮಾಡುವ ಸರ್ಕಾರವನ್ನೂ ಹೋಲಿಸುತ್ತಿದ್ದೀರಿ.

ಆಮೇಲೆ: ಎರಡು ದಾರಿಗಳನ್ನು ಅಕ್ಕಪಕ್ಕ ಬರೆಯಿರಿ

ಒಂದನೇ ದಾರಿಯಲ್ಲಿ ಈ ವರ್ಷವೇ ಮನೆಗೆ 50,000 ರೂಪಾಯಿ ತೆರಿಗೆ. ಆದಾಯ ನೋಡದೆ, ಮನೆಗೆ ಇಷ್ಟು ಅಂತ ಹಾಕಿದ ತೆರಿಗೆ. ಇದು ಒಂದು ಷರತ್ತು, ನೆನಪಿಡಿ.

ಎರಡನೇ ದಾರಿಯಲ್ಲಿ ಈ ವರ್ಷ ತೆರಿಗೆ ಇಲ್ಲ. ಸರ್ಕಾರ ಹತ್ತು ವರ್ಷದ ಬಾಂಡ್ ಮಾರುತ್ತದೆ, ಬಡ್ಡಿ ಶೇ. 7. ಮುಂದಿನ ವರ್ಷದಿಂದ ನಿಮ್ಮ ಮನೆ ಬಡ್ಡಿಯ ಪಾಲಾಗಿ ವರ್ಷಕ್ಕೆ 3,500 ರೂಪಾಯಿ ತೆರಿಗೆ ಕಟ್ಟುತ್ತದೆ. ಹತ್ತನೇ ವರ್ಷ ಬಡ್ಡಿಯ ಜೊತೆಗೆ ಅಸಲಿನ 50,000 ರೂಪಾಯಿಯನ್ನೂ ಕಟ್ಟುತ್ತದೆ. ನಿಜವಾದ ಸರ್ಕಾರಿ ಬಾಂಡುಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ. ಲೆಕ್ಕ ಸುಲಭ ಆಗಲಿ ಅಂತ ಇಲ್ಲಿ ವರ್ಷಕ್ಕೊಮ್ಮೆ ಇಟ್ಟುಕೊಂಡಿದ್ದೇನೆ.

ಸುಮ್ನೆ ಕೂಡಿದರೆ ಎರಡನೇ ದಾರಿಯಲ್ಲಿ ಒಟ್ಟು 85,000 ರೂಪಾಯಿ ಆಗುತ್ತದೆ. ಅದನ್ನು ನೋಡಿ ಕೆಲವರು ಸಾಲದ ದಾರಿ ದುಬಾರಿ ಅಂದುಬಿಡುತ್ತಾರೆ. ಆದರೆ ಹತ್ತು ವರ್ಷ ಬಿಟ್ಟು ಕೊಡುವ ರೂಪಾಯಿಯನ್ನು ಇವತ್ತಿನ ರೂಪಾಯಿಯ ಜೊತೆ ಹಾಗೆ ಕೂಡಿಸಲು ಬರುವುದಿಲ್ಲ, ಅಲ್ವಾ? ಮುಂದೆ ಕಟ್ಟಬೇಕಾದ ಎಲ್ಲ ತೆರಿಗೆಯನ್ನು ಇವತ್ತಿನ ಬೆಲೆಗೆ ಇಳಿಸಬೇಕು, ಅಂದರೆ ಇವತ್ತು ಎಷ್ಟು ದುಡ್ಡನ್ನು ಶೇ. 7ರ ಬಡ್ಡಿಗೆ ಇಟ್ಟರೆ ಆ ತೆರಿಗೆಗಳನ್ನೆಲ್ಲ ಕಟ್ಟಬಹುದು ಅಂತ ನೋಡಬೇಕು. ಶೀಟಿನ ಒಂದು ಖಾನೆಯಲ್ಲಿ ಇದನ್ನು ಹಾಕಿ:

```
=PV(7%,10,-3500,-50000)
```

ಉತ್ತರ 50,000 ಬರುತ್ತದೆ. ಹತ್ತು ವರ್ಷದ ಬಡ್ಡಿಯ ಇವತ್ತಿನ ಬೆಲೆ ಸುಮಾರು 24,583 ರೂಪಾಯಿ, ಕೊನೆಗೆ ಕಟ್ಟುವ ಅಸಲಿನದು ಸುಮಾರು 25,417. ಅವಧಿಯನ್ನು ಇಪ್ಪತ್ತು ವರ್ಷ ಮಾಡಿ, ಮೂವತ್ತು ಮಾಡಿ, ಉತ್ತರ ಅದೇ. ಅಸಲು ತೀರಿಸದೆ ಬಡ್ಡಿಯನ್ನಷ್ಟೇ ಎಂದೆಂದಿಗೂ ಕಟ್ಟುತ್ತಾ ಹೋದರೂ 3,500ನ್ನು ಶೇ. 7ರಿಂದ ಭಾಗಿಸಿದರೆ ಸಿಗುವುದು ಮತ್ತೆ 50,000. ತೆರಿಗೆಯ ದಿನಾಂಕ ಮುಂದಕ್ಕೆ ಹೋಯಿತು, ಭಾರ ಇಳಿಯಲಿಲ್ಲ.

ಈಗ ಮನೆಯ ಜಮಾ-ಖರ್ಚು

ಜಯನಗರದ ಒಂದು ಸಂಬಳದ ಮನೆ. ಈಗಿನ ತೆರಿಗೆಗಳೆಲ್ಲ ಕಳೆದು ವರ್ಷಕ್ಕೆ 9 ಲಕ್ಷ ಕೈಗೆ ಬರುತ್ತದೆ. ಏಳೂವರೆ ಲಕ್ಷ ಖರ್ಚು, ಒಂದೂವರೆ ಲಕ್ಷ ಉಳಿತಾಯ. ಯೋಜನೆಯ ಸುದ್ದಿ ಬಂತು. 50,000ದ ಹೊರೆಯನ್ನು ಈ ವರ್ಷವೇ ಹೊಟ್ಟೆ ಕಟ್ಟಿ ತೀರಿಸುವುದಕ್ಕಿಂತ ಹತ್ತು ವರ್ಷಕ್ಕೆ ಸಮವಾಗಿ ಹಂಚಿಕೊಳ್ಳೋಣ ಅಂತ ಮನೆಯವರು ನಿರ್ಧರಿಸುತ್ತಾರೆ. ವರ್ಷಕ್ಕೆ ಎಷ್ಟು ಖರ್ಚು ತಗ್ಗಿಸಬೇಕು?

```
=PMT(7%,10,-50000,0,1)
```

ಉತ್ತರ ಸುಮಾರು 6,653. ಅಂದರೆ ತಿಂಗಳಿಗೆ 550 ರೂಪಾಯಿ ಚಿಲ್ಲರೆ. ವರ್ಷದ ಖರ್ಚು 7,43,347ಕ್ಕೆ ಇಳಿಯುತ್ತದೆ.

ತೆರಿಗೆಯ ದಾರಿಯಾದರೆ 9 ಲಕ್ಷದಲ್ಲಿ 50,000 ಸರ್ಕಾರಕ್ಕೆ ಹೋಯಿತು, 7,43,347 ಖರ್ಚಾಯಿತು, ಉಳಿದದ್ದು 1,06,653. ಸಾಲದ ದಾರಿಯಾದರೆ ಈ ವರ್ಷ ಸರ್ಕಾರಕ್ಕೆ ಏನೂ ಹೋಗಲಿಲ್ಲ. ಆದರೆ ಮುಂದೆ ಬರುವ ತೆರಿಗೆಯ ಇವತ್ತಿನ ಬೆಲೆ ಅದೇ 50,000 ಅಂತ ಗೊತ್ತಿರುವ ಮನೆ ಖರ್ಚನ್ನು ಅದೇ 7,43,347ಕ್ಕೆ ನಿಲ್ಲಿಸುತ್ತದೆ. ಉಳಿದದ್ದು 1,56,653. ಖರ್ಚು ಎರಡೂ ಕಡೆ ಒಂದೇ. ಬದಲಾದದ್ದು ಉಳಿತಾಯ, ಅದೂ ಸರಿಯಾಗಿ 50,000 ರೂಪಾಯಿಯಷ್ಟು.

ಆ ಹೆಚ್ಚುವರಿ 50,000ವನ್ನು ಮನೆ ಏನು ಮಾಡಬೇಕು? ಅದೇ ಸರ್ಕಾರಿ ಬಾಂಡನ್ನು ಕೊಂಡರೆ ಲೆಕ್ಕ ಮುಗಿಯಿತು. ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಖಾತೆ ತೆರೆದರೆ 10,000 ರೂಪಾಯಿಯಿಂದಲೇ ಸರ್ಕಾರಿ ಬಾಂಡ್ ಕೊಳ್ಳಬಹುದು. ವರ್ಷ ವರ್ಷ 3,500 ಬಡ್ಡಿ ಬರುತ್ತದೆ, ಅದರಲ್ಲೇ ಹೊಸ ತೆರಿಗೆ ಕಟ್ಟಬಹುದು. ಹತ್ತನೇ ವರ್ಷ ಅಸಲು ಕೈಗೆ ಬಂದಾಗ ಕೊನೆಯ ತೆರಿಗೆಗೂ ಅದೇ ದುಡ್ಡು. ಸರ್ಕಾರ ಎಷ್ಟು ಸಾಲ ಎತ್ತಿತೋ ಮನೆಗಳು ಒಟ್ಟಾಗಿ ಅಷ್ಟೇ ಹೆಚ್ಚು ಉಳಿಸಿ ಆ ಸಾಲವನ್ನು ಕೊಟ್ಟವು. ಆದ್ದರಿಂದ ಸರ್ಕಾರದ ಸಾಲದಿಂದ ಮಾರುಕಟ್ಟೆಯಲ್ಲಿ ಬಡ್ಡಿ ದರವೂ ಏರಬೇಕಾಗಿಲ್ಲ. ಸಿದ್ಧಾಂತದ ಪೂರ್ತಿ ಬಲ ಇರುವುದು ಈ ಒಂದು ಹೊಂದಾಣಿಕೆಯಲ್ಲಿ.

"ಬಾಂಡಿನ ಬಡ್ಡಿಗೂ ಆದಾಯ ತೆರಿಗೆ ಇದೆಯಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆ ತೆರಿಗೆಯೂ ಸರ್ಕಾರಕ್ಕೇ ಹೋಗುವುದರಿಂದ ಉಳಿದ ತೆರಿಗೆ ಅಷ್ಟು ಕಡಿಮೆ ಆಗಬೇಕು, ಒಟ್ಟು ಲೆಕ್ಕದಲ್ಲಿ ಸರಿಹೋಗುತ್ತದೆ. ಆದರೆ ಒಂದೊಂದು ಮನೆಗೂ ಸರಿಹೋಗುವುದಿಲ್ಲ. ಉಳಿಸಿದವರಿಗೆ ಸ್ವಲ್ಪ ನಷ್ಟ, ಉಳಿಸದವರಿಗೆ ಲಾಭ.

ಇದನ್ನು ಮೊದಲು ಹೇಳಿದವನೇ ಪೂರ್ತಿ ನಂಬಲಿಲ್ಲ

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೋ 1820ರಲ್ಲಿ ಈ ಲೆಕ್ಕ ಹಾಕಿದ. ಯುದ್ಧಕ್ಕೆ 2 ಕೋಟಿ ಪೌಂಡ್ ಬೇಕು, ಬಡ್ಡಿ ಶೇ. 5. ಒಂದೇ ಸಲ 2 ಕೋಟಿ ಎತ್ತಿದರೂ, ಎಂದೆಂದಿಗೂ ವರ್ಷಕ್ಕೆ 10 ಲಕ್ಷದಂತೆ ಎತ್ತಿದರೂ ಬೆಲೆ ಒಂದೇ ಅಂದ. ಹಾಗೆ ಹೇಳಿ, ತೆರಿಗೆ ಕಟ್ಟುವ ಜನ ಮಾತ್ರ ಹೀಗೆ ಎಣಿಸುವುದಿಲ್ಲ ಅಂತಲೂ ಸೇರಿಸಿದ. 20,000 ಪೌಂಡ್ ಆಸ್ತಿ ಇರುವವನಿಗೆ ವರ್ಷಕ್ಕೆ 50 ಪೌಂಡ್ ಕಟ್ಟುತ್ತಾ ಹೋಗುವುದೂ ಒಂದೇ ಸಲ 1,000 ಕಟ್ಟುವುದೂ ಸಮ ಅಂತ ಒಪ್ಪಿಸುವುದು ಕಷ್ಟ ಅನ್ನುವುದು ಅವನ ಮಾತು. ಸಾಲ ಜನರ ಕಣ್ಣಿಗೆ ಮಣ್ಣೆರಚುತ್ತದೆ, ಉಳಿತಾಯ ಕಡಿಮೆ ಆಗುತ್ತದೆ ಅನ್ನುವ ಭಯ ಅವನಿಗಿತ್ತು. ಈ ವಾದವನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸಿದ್ದು 1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಬ್ಯಾರೋ. ಅದಕ್ಕೆ ರಿಕಾರ್ಡೋ ಹೆಸರು ಅಂಟಿಸಿದವರು ಅಲ್ಲಿನ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕನನ್. ಒಂದು ರೀತಿಯಲ್ಲಿ ರಿಕಾರ್ಡೋಗೆ ಅನ್ಯಾಯವೇ ಆಯಿತು.

ಬಡ್ಡಿಯ ಖಾನೆ ಬದಲಿಸಿ ನೋಡಿ

ಸಿದ್ಧಾಂತ ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದು ಇಲ್ಲಿಂದ. ಮೇಲಿನ ಲೆಕ್ಕದಲ್ಲಿ ಮನೆಯ ಬಡ್ಡಿಯೂ ಸರ್ಕಾರದ ಬಡ್ಡಿಯೂ ಒಂದೇ, ಶೇ. 7. ಈಗ ಕಾಮಾಕ್ಷಿಪಾಳ್ಯದ ಒಬ್ಬ ಆಟೋ ಚಾಲಕರ ಮನೆಗೆ ಬನ್ನಿ. ಆಟೋ ಮೇಲೆ ಫೈನಾನ್ಸ್ ಸಾಲ ಇದೆ, ಬಡ್ಡಿ ಶೇ. 24. ಅವರು ಕಟ್ಟಬೇಕಾದ ಮುಂದಿನ ತೆರಿಗೆಯೂ ಅಷ್ಟೇ ಇರಲಿ. ಆದರೆ ಅವರ ಪಾಲಿಗೆ ಇವತ್ತಿನ ಒಂದು ರೂಪಾಯಿಯ ಬೆಲೆ ಶೇ. 24ರ ಲೆಕ್ಕದ್ದು. ಖಾನೆ ಬದಲಿಸಿ:

```
=PV(24%,10,-3500,-50000)
```

ಬರುವುದು ಸುಮಾರು 18,700 ರೂಪಾಯಿ. ಜಯನಗರದ ಮನೆಗೆ 50,000 ಆಗಿದ್ದ ಹೊರೆ ಇವರಿಗೆ 18,700. ಸುಮಾರು 31,300 ರೂಪಾಯಿ ನಿಜವಾದ ಲಾಭ, ಭ್ರಮೆಯೇನಲ್ಲ. ಯಾವ ಬ್ಯಾಂಕೂ ಇವರಿಗೆ ಶೇ. 7ಕ್ಕೆ ಸಾಲ ಕೊಡುವುದಿಲ್ಲ. ತೆರಿಗೆ ಮುಂದೂಡುವ ಮೂಲಕ ಸರ್ಕಾರವೇ ಇವರ ಹೆಸರಲ್ಲಿ ಅಗ್ಗದ ಸಾಲ ಎತ್ತಿ ಕೈಗೆ ಕೊಟ್ಟ ಹಾಗಾಯಿತು. ಇವರ ಮನೆಯಲ್ಲಿ ತೆರಿಗೆಯ ದಾರಿಗೂ ಸಾಲದ ದಾರಿಗೂ ಖರ್ಚು ಬೇರೆ ಬೇರೆ ಆಗುತ್ತದೆ.

ಆದರೂ ಅವಸರ ಬೇಡ. ಚಾಲಕರು ಕೈಲುಳಿದ 50,000ವನ್ನು ಫೈನಾನ್ಸಿನ ಅಸಲಿಗೆ ಜಮಾ ಮಾಡಿದರೆ ಈ ವರ್ಷದ ಖರ್ಚು ಅಷ್ಟಾಗಿ ಏರುವುದಿಲ್ಲ. ಏರಿಕೆ ಕಾಣುವುದು ಕಂತು ಇಳಿದ ಮೇಲೆ. ಎಲ್ಲೂ ಸಾಲವೇ ಹುಟ್ಟದ, ಕೈಗೆ ಬಂದದ್ದು ಬಂದ ಹಾಗೆ ಮುಗಿಯುವ ಮನೆಗಳಲ್ಲಿ ಮಾತ್ರ ದುಡ್ಡು ನೇರ ಅಂಗಡಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಸಿದ್ಧಾಂತದ ಅತಿ ದುರ್ಬಲ ಜಾಗ ಇದೇ. ಜನ ಮುಂದಾಲೋಚನೆ ಇಲ್ಲದವರು ಅನ್ನುವ ಟೀಕೆಗಿಂತ ಈ ಬಡ್ಡಿಯ ವ್ಯತ್ಯಾಸ ಹೆಚ್ಚು ಗಟ್ಟಿಯಾದದ್ದು. ಯಾಕೆಂದರೆ ತುಂಬಾ ಲೆಕ್ಕಾಚಾರದ ಮನುಷ್ಯನೂ ಇಲ್ಲಿ ಖರ್ಚು ಬದಲಿಸುತ್ತಾನೆ.

ತೆರಿಗೆ ಬರುವ ಹೊತ್ತಿಗೆ ಯಾರು ಇರುತ್ತಾರೆ?

ಭಾರತ ಸರ್ಕಾರ 40 ವರ್ಷದ ಬಾಂಡನ್ನೂ ಮಾರುತ್ತದೆ. ಮಲ್ಲೇಶ್ವರದ ವಯಸ್ಸಾದ ದಂಪತಿಗೆ ಇನ್ನು 12 ವರ್ಷ ತೆರಿಗೆ ಕಟ್ಟುವ ಲೆಕ್ಕ ಅಂದುಕೊಳ್ಳಿ. ಅವರ ಪಾಲಿಗೆ ಬರುವುದು 12 ವರ್ಷದ ಬಡ್ಡಿ ಮಾತ್ರ, ಅದರ ಇವತ್ತಿನ ಬೆಲೆ ಸುಮಾರು 27,800. ಉಳಿದ 22,200 ಮುಂದಿನ ತಲೆಮಾರಿನ ಹೆಗಲಿಗೆ. ಹಾಗಾದರೆ ಇವರು ಅಷ್ಟನ್ನು ಆರಾಮಾಗಿ ಖರ್ಚು ಮಾಡಬಹುದಲ್ಲ?

ಬ್ಯಾರೋ ಉತ್ತರ ಕೊಟ್ಟದ್ದು ಇದಕ್ಕೇ. ಮಕ್ಕಳಿಗೆ ಎಷ್ಟು ಬಿಟ್ಟು ಹೋಗಬೇಕು ಅಂತ ಯೋಚಿಸುವ ಅಪ್ಪ ಅಮ್ಮ, ಮಕ್ಕಳ ಮೇಲೆ ಬೀಳುವ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. 22,200 ರೂಪಾಯಿ ಹೆಚ್ಚಿಗೆ ಉಳಿಸಿ ಬಿಟ್ಟುಹೋಗುತ್ತಾರೆ. ಮಗ ಪಕ್ಕದ ರಾಜಾಜಿನಗರದಲ್ಲಿದ್ದರೆ ಈ ವಾದ ಒಪ್ಪಬಹುದು. ಮಗ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿ, ತೆರಿಗೆಯನ್ನೂ ಅಲ್ಲೇ ಕಟ್ಟುತ್ತಿದ್ದರೆ? ಇಲ್ಲಿನ ಸಾಲದ ತೆರಿಗೆ ಅವನ ಬಾಗಿಲಿಗೆ ಬರುವುದೇ ಇಲ್ಲ. ಆಗ ಆ 22,200 ನಿಜಕ್ಕೂ ದಂಪತಿಯ ಲಾಭ. ಮಕ್ಕಳಿಲ್ಲದವರಿಗೂ ಹೀಗೆಯೇ.

ಬೆಂಗಳೂರಿನಂಥ ಊರಲ್ಲಿ ಇದರ ಇನ್ನೊಂದು ಮುಖವೂ ಇದೆ. ಹೊಸಬರು ಬರುತ್ತಲೇ ಇರುತ್ತಾರೆ. ತೆರಿಗೆ ಕಟ್ಟುವ ಮನೆಗಳು ವರ್ಷಕ್ಕೆ ಶೇ. 3ರಂತೆ ಹೆಚ್ಚಿದರೆ ಹತ್ತನೇ ವರ್ಷ ಅಸಲಿನಲ್ಲಿ ನಿಮ್ಮ ಪಾಲು 50,000ದಿಂದ ಸುಮಾರು 37,200ಕ್ಕೆ ಇಳಿಯುತ್ತದೆ. ಇವತ್ತು ಇಲ್ಲಿರುವವರ ಖರ್ಚು ಸ್ವಲ್ಪ ಏರುತ್ತದೆ. ಆದರೆ ಹೊರೆ ಆವಿಯಾಗಿಲ್ಲ. ಹತ್ತು ವರ್ಷದ ಮೇಲೆ ಬಸ್ಸಿಳಿದು ಬರುವವರು ತಾವು ನೋಡದ ವರ್ಷದ ಸಾಲಕ್ಕೆ ತೆರಿಗೆ ಕಟ್ಟುತ್ತಾರೆ.

ನಿಜ ಜೀವನದಲ್ಲಿ ಕಂಡುಹಿಡಿಯುವುದು ಹೇಗೆ?

ತೆರಿಗೆ ಇಳಿದ ವರ್ಷ ಜನ ಖರ್ಚು ಹೆಚ್ಚಿಸಲಿಲ್ಲ, ಆದ್ದರಿಂದ ರಿಕಾರ್ಡೋ ಸರಿ ಅನ್ನುವ ಮಾತು ಕೇಳಿದರೆ ಹುಷಾರು. ಜಯನಗರದ ಮನೆಗೇ ವಾಪಸು ಹೋಗಿ. ಅವರು ಮುಂದಿನ ತೆರಿಗೆಯನ್ನು ಪೂರ್ತಿ ಮರೆತು, ಉಳಿದ 50,000 ಸುಮ್ಮನೆ ಸಿಕ್ಕ ದುಡ್ಡು ಅಂದುಕೊಂಡರು ಅನ್ನಿ. ಆಗಲೂ ಅದನ್ನು ಹತ್ತು ವರ್ಷಕ್ಕೆ ಹಂಚಿಕೊಂಡರೆ ಈ ವರ್ಷ ಖರ್ಚು ಏರುವುದು 6,653 ಮಾತ್ರ. ರಿಕಾರ್ಡೋ ಪ್ರಕಾರ ಏರಿಕೆ ಸೊನ್ನೆ. ತೆರಿಗೆ ಮರೆತವರದು 6,653. ಏಳೂವರೆ ಲಕ್ಷದ ಖರ್ಚಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಹಬ್ಬ, ಮದುವೆ, ಶಾಲೆಯ ಫೀಸಿನ ನಡುವೆ ಎಲ್ಲಿ ಕಾಣುತ್ತದೆ? ಅದೇ ಒಂದು ಮನೆ ಒಂದೇ ತ್ರೈಮಾಸಿಕದಲ್ಲಿ 15,000 ಜಾಸ್ತಿ ಖರ್ಚು ಮಾಡಿತು ಅಂದರೆ ಎರಡು ಗುಟ್ಟು ಒಟ್ಟಿಗೆ ಹೊರಬಿತ್ತು. ಆ ಮನೆ ಮುಂದಿನ ತೆರಿಗೆಯನ್ನು ಎಣಿಸುತ್ತಿಲ್ಲ, ಜೊತೆಗೆ ವರ್ಷಗಳಿಗೆ ಹಂಚಿಕೊಳ್ಳಲೂ ಅದಕ್ಕೆ ಆಗುತ್ತಿಲ್ಲ.

ಅಮೆರಿಕದಲ್ಲಿ 2001ರಲ್ಲಿ ಆದದ್ದು ಹೆಚ್ಚುಕಮ್ಮಿ ಇದೇ. ಸರ್ಕಾರ ತೆರಿಗೆದಾರರಿಗೆ ಚೆಕ್ ಕಳಿಸಿತು. ಹೆಚ್ಚಿನ ಒಬ್ಬಂಟಿಗರಿಗೆ 300 ಡಾಲರ್, ದಂಪತಿಗಳಿಗೆ 600. ಯಾರಿಗೆ ಯಾವ ವಾರ ಚೆಕ್ ಅನ್ನುವುದು ಅವರ ಸಾಮಾಜಿಕ ಭದ್ರತಾ ಸಂಖ್ಯೆಯ ಮೇಲೆ ನಿಂತಿತ್ತು, ಅಂದರೆ ಲಾಟರಿ ಇದ್ದ ಹಾಗೆ. ಜಾನ್ಸನ್, ಪಾರ್ಕರ್, ಸೌಲೆಲೆಸ್ ಅನ್ನುವ ಅರ್ಥಶಾಸ್ತ್ರಜ್ಞರು ಮೊದಲು ಚೆಕ್ ಬಂದ ಮನೆಗಳನ್ನು ಆಮೇಲೆ ಬಂದ ಮನೆಗಳ ಜೊತೆ ಹೋಲಿಸಿದರು. ಚೆಕ್ ಬಂದ ಮೂರು ತಿಂಗಳಲ್ಲಿ ಅದರ ಶೇ. 20ರಿಂದ 40ರಷ್ಟು ದಿನಬಳಕೆಯ ಸಾಮಾನು, ಸೇವೆಗಳಿಗೆ ಹೋಗಿತ್ತು. ಕೈಲಿ ದುಡ್ಡು ಕಡಿಮೆ ಇದ್ದ ಮನೆಗಳಲ್ಲಿ ಇನ್ನೂ ಹೆಚ್ಚು. ಚೆಕ್ ಬರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು, ಮುಂದಿನ ತೆರಿಗೆಯೂ ಎಲ್ಲರಿಗೂ ಒಂದೇ. ಬೇರೆ ಇದ್ದದ್ದು ಚೆಕ್ ಕೈಸೇರಿದ ದಿನ ಮಾತ್ರ. ಹಾಗಿದ್ದರೂ ಖರ್ಚು ಏರಿತು ಅಂದರೆ ಅದು ಆಟೋ ಚಾಲಕರ ಕಥೆಗೆ ಹತ್ತಿರ, ಜಯನಗರದ ಕಥೆಗೆ ಅಲ್ಲ.

ನಮ್ಮ ಬಜೆಟ್ ಒಂದಕ್ಕೆ ಹಿಡಿದು ನೋಡಿದರೆ

2025ರ ಕೇಂದ್ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲದ ಹಾಗೆ ಮಾಡಿತು. 12 ಲಕ್ಷ ಆದಾಯ ಇದ್ದವರಿಗೆ ಸೆಸ್ ಬಿಟ್ಟು 80,000 ರೂಪಾಯಿ ಉಳಿಯಿತು. ಆಗ ಬೆಂಗಳೂರಿನ ಆಫೀಸುಗಳಲ್ಲಿ ಬೈಕ್, ಫ್ರಿಜ್ಜಿನ ಮಾತು ಜೋರಾಗಿತ್ತು. ಇದನ್ನು ರಿಕಾರ್ಡೋ ಪರೀಕ್ಷೆ ಅನ್ನಬಹುದೇ? ಮೇಲಿನ ಹೆಜ್ಜೆಗಳನ್ನು ಇಟ್ಟು ನೋಡಿ.

ಮೊದಲ ಹೆಜ್ಜೆಯಲ್ಲೇ ತಡೆ ಸಿಗುತ್ತದೆ. ಅದೇ ಬಜೆಟ್ ವಿತ್ತೀಯ ಕೊರತೆಯನ್ನು, ಅಂದರೆ ಸರ್ಕಾರ ಸಾಲದಿಂದ ತುಂಬುವ ಅಂತರವನ್ನು, ಜಿಡಿಪಿಯ ಶೇ. 4.8ರಿಂದ ಶೇ. 4.4ಕ್ಕೆ ಇಳಿಸುವ ಗುರಿ ಇಟ್ಟಿತ್ತು. ತೆರಿಗೆ ಬಿಟ್ಟುಕೊಟ್ಟಷ್ಟನ್ನು ಸಾಲದಿಂದ ತುಂಬುತ್ತೇವೆ, ಉಳಿದದ್ದೆಲ್ಲ ಇದ್ದ ಹಾಗೆ ಇರುತ್ತದೆ ಅಂತ ಅದು ಹೇಳಲಿಲ್ಲ. ಖರ್ಚು, ಬೇರೆ ವರಮಾನ ಎಲ್ಲವೂ ಜೊತೆಗೇ ಕದಲಿದವು. ಎರಡನೆಯದು, ಆದಾಯ ತೆರಿಗೆ ಮನೆಗೆ ಇಷ್ಟು ಅಂತ ಹಾಕಿದ ತೆರಿಗೆ ಅಲ್ಲ. ದರ ಇಳಿದರೆ ಓವರ್‌ಟೈಮ್ ಮಾಡುವವರು, ಎರಡನೇ ಕೆಲಸ ಹಿಡಿಯುವವರು ಹೆಚ್ಚಬಹುದು, ಆಗ ಆದಾಯವೇ ಬದಲಾಗುತ್ತದೆ. ಮೂರನೆಯದು, ಲಾಭ ಸಿಕ್ಕಿದ್ದು ಆದಾಯ ತೆರಿಗೆ ಕಟ್ಟುತ್ತಿದ್ದವರಿಗೆ. ಆಟೋ ಚಾಲಕರ ಮನೆಗೆ ಇದರಿಂದ ಏನೂ ಬರಲಿಲ್ಲ. ಖರ್ಚು ತಟ್ಟನೆ ಏರುವಂಥ ಮನೆಗಳಿಗೆ ತಲುಪದ ತೆರಿಗೆ ಕಡಿತ ಇದು. ಹಾಗಾಗಿ ಅಂಗಡಿ ವ್ಯಾಪಾರ ಹೆಚ್ಚು ಏರದಿದ್ದರೂ ಅದು ರಿಕಾರ್ಡೋ ಗೆಲುವು ಆಗುವುದಿಲ್ಲ.

ಇನ್ನೊಂದು ಖಾನೆಯನ್ನೂ ಶೀಟಿನಲ್ಲಿ ಇಟ್ಟುಕೊಳ್ಳಿ: ದೇಶದ ಆದಾಯ ಬೆಳೆಯುವ ದರ. ಬೆಲೆ ಏರಿಕೆಯೂ ಸೇರಿ ಆದಾಯ ವರ್ಷಕ್ಕೆ ಶೇ. 10ರಂತೆ ಬೆಳೆದು, ಸಾಲದ ಬಡ್ಡಿ ಶೇ. 7ರಲ್ಲೇ ನಿಂತರೆ, ಸರ್ಕಾರ ಬಡ್ಡಿಯನ್ನೂ ಹೊಸ ಸಾಲದಿಂದಲೇ ಕಟ್ಟಿದರೂ ಆದಾಯದ ಎದುರು ಆ ಸಾಲ ಕರಗುತ್ತಾ ಹೋಗುತ್ತದೆ. 100ಕ್ಕೆ 50 ಇದ್ದ ಸಾಲ ಹತ್ತು ವರ್ಷಕ್ಕೆ ಸುಮಾರು 38 ಆಗುತ್ತದೆ. ಆ ಸ್ಥಿತಿ ಹಾಗೇ ಮುಂದುವರಿದರೆ ನಾವು ಕಾಯುತ್ತಿರುವ ತೆರಿಗೆ ಬಾರದೆಯೂ ಇರಬಹುದು. ಬಡ್ಡಿ ದರ ಬೆಳವಣಿಗೆಯನ್ನು ದಾಟಿದ ವರ್ಷ ಲೆಕ್ಕ ತಿರುಗಿಬೀಳುತ್ತದೆ. ಆಗ ಜಯನಗರದ ಮನೆ ಎತ್ತಿಟ್ಟ 50,000 ಕೆಲಸಕ್ಕೆ ಬರುತ್ತದೆ.